ನಳ್ಳಿಯ ಮೂತಿಗೆ ಕಟ್ಟಿದ ಸುಣ್ಣ

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಗಡಸು ನೀರಿನ ಮಾತೆತ್ತಿದರೆ ಘಟ್ಟದ ಮೇಲಿನವರಿಗೆ ನಗು ಬಂದೀತು. ಗಡಸು ನೀರೆಂದರೆ ಕೋಲಾರ, ಗದಗ, ವಿಜಯಪುರದ ಕಡೆಯ ಕಷ್ಟ ಎಂಬುದು ರೂಢಿಯ ತಿಳಿವಳಿಕೆ. ಅದು ಸುಳ್ಳೂ ಅಲ್ಲ. ಬಯಲುಸೀಮೆಯಿಂದ ಕರಾವಳಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಹೇಳುವ ದೂರು ಒಂದೇ: "ಇಲ್ಲಿ ಎಷ್ಟು ನೀರು ಹೊಯ್ದರೂ ಮೈಯ ಸಾಬೂನು ಹೋಗುವುದೇ ಇಲ್ಲ." ಮುರಕಲ್ಲಿನ ಪದರದಲ್ಲಿ ಇಳಿದು ಬಾವಿ ಸೇರುವ ಮಳೆನೀರು ಅಷ್ಟು ಮೆದು. ನೂರಾರು ತಲೆಮಾರಿನ ಮಳೆ ಆ ಕಲ್ಲಿನಲ್ಲಿ ಕರಗಬಹುದಾದ ಸುಣ್ಣವನ್ನೆಲ್ಲ ಯಾವತ್ತೋ ತೊಳೆದುಕೊಂಡು ಹೋಗಿದೆ. ಉಳಿದಿರುವುದು ಕಬ್ಬಿಣ, ಅಲ್ಯೂಮಿನಿಯಂ. ಕಲ್ಲಿನ ಕೆಂಪು ಬಣ್ಣವೇ ಅದಕ್ಕೆ ಸಾಕ್ಷಿ.

ಹಾಗಾಗಿ ಕರಾವಳಿಯ ಮನೆಗಳಲ್ಲಿ ಅಡುಗೆಮನೆಯ ನಳ್ಳಿ ಕಟ್ಟಿಕೊಂಡು, ಅದರ ಬಾಯಿಯ ಜಾಲರಿ ಕಲ್ಲಿನಂತೆ ಅಂಟಿಕೊಂಡು ತಿರುಗದೆ ಹೋದಾಗ ಏನು ಮಾಡುವುದೆಂದು ಹೆಚ್ಚಿನವರಿಗೆ ತಿಳಿಯುವುದಿಲ್ಲ. ತಿಳಿದವರು ಹೇಳುವ ಉಪಾಯವೂ ಕೆಲವು ಮನೆಯಲ್ಲಿ ಫಲಿಸುತ್ತದೆ, ಕೆಲವು ಮನೆಯಲ್ಲಿ ಫಲಿಸುವುದಿಲ್ಲ. ಒಂದೇ ಕುಟುಂಬದ ಮೂರು ಮನೆಗಳಲ್ಲಿ, ಕಾರ್ಕಳ, ಮಣಿಪಾಲ ಮತ್ತು ಕಾಪುವಿನಲ್ಲಿ, ಒಂದೇ ಬೇಸಿಗೆಯಲ್ಲಿ ನಡೆದದ್ದನ್ನು ನೋಡಿದರೆ ಇದರ ಕಾರಣ ಅರ್ಥವಾಗುತ್ತದೆ.

ಮೊದಲು ಆ ಜಾಲರಿಯ ವಿಷಯ. ಈಗಿನ ನಳ್ಳಿಗಳ ಮೂತಿಯಲ್ಲಿ ಒಂದು ಉಂಗುರ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಏರೇಟರ್ ಎಂದು ಹೆಸರು, ಅಂಗಡಿಯಲ್ಲಿ ಫೋಮ್ ಫ್ಲೋ ಎಂದರೆ ಕೊಡುತ್ತಾರೆ. ಒಳಗೆ ಸಣ್ಣ ತೂತುಗಳ ಪ್ಲಾಸ್ಟಿಕ್ ಬಿಲ್ಲೆ, ಅದರ ಕೆಳಗೆ ಜಾಲರಿ, ಮೇಲೆ ಒಂದು ರಬ್ಬರ್ ವಾಷರ್. ನೀರು ಸಣ್ಣ ತೂತುಗಳಿಂದ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿದು, ಪಕ್ಕದ ಸಂದಿನಿಂದ ಗಾಳಿ ಒಳಗೆ ಬರುತ್ತದೆ. ಗಾಳಿ ಬೆರೆತ ನೀರು ನೊರೆನೊರೆಯಾಗಿ, ಸಿಡಿಯದೆ ಬೀಳುತ್ತದೆ. ಪಾತ್ರೆ ತೊಳೆಯುವವರ ಸೀರೆಯೂ ಒದ್ದೆಯಾಗುವುದಿಲ್ಲ, ನೀರೂ ಉಳಿಯುತ್ತದೆ. ಉಪಕಾರದ ವಸ್ತುವೇ. ಆದರೆ ಸುಣ್ಣ ಕೂರಲು ಇದಕ್ಕಿಂತ ಒಳ್ಳೆಯ ಜಾಗವನ್ನು ಬೇಕೆಂದು ಮಾಡಿದರೂ ಮಾಡಲಾಗದು.

ಏಕೆಂದರೆ ಗಡಸು ನೀರಿನಲ್ಲಿ ಸುಣ್ಣ ಸುಣ್ಣವಾಗಿ ಇರುವುದಿಲ್ಲ. ನೆಲದೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ನೀರು ಕಲ್ಲಿನ ಕ್ಯಾಲ್ಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಂಡು ಬಂದಿರುತ್ತದೆ. ಆ ಅನಿಲ ನೀರಿನಲ್ಲಿ ಇರುವಷ್ಟು ಹೊತ್ತು ಸುಣ್ಣವೂ ಕರಗಿಯೇ ಇರುತ್ತದೆ. ಅನಿಲ ಹಾರಿಹೋದರೆ, ನೀರು ಬಿಸಿಯಾದರೆ ಅಥವಾ ಆರಿಹೋದರೆ ಸುಣ್ಣ ಕಲ್ಲಾಗಿ ಹೊರಗೆ ಬೀಳುತ್ತದೆ. ಹತ್ತನೆಯ ತರಗತಿಯ ಮಕ್ಕಳು ಬರೆಯುವ ಸಮೀಕರಣ ಇದು:

Ca(HCO3)2 → CaCO3 + H2O + CO2

ಏರೇಟರ್ ನೀರಿಗೆ ಗಾಳಿ ಬೆರೆಸಿ ಅನಿಲವನ್ನು ಓಡಿಸುತ್ತದೆ. ನಳ್ಳಿ ನಿಲ್ಲಿಸಿದ ಮೇಲೆ ಜಾಲರಿಯಲ್ಲಿ ಉಳಿದ ನಾಲ್ಕು ಹನಿ ಅಲ್ಲೇ ಆರುತ್ತದೆ. ಉಂಗುರದ ಮರೆಗಳ ನಡುವೆ ಕೇಶಾಕರ್ಷಣೆಯಿಂದ ಏರಿದ ತೇವವೂ ಅಲ್ಲೇ ಒಣಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಮರೆಯ ಸಂದೆಲ್ಲ ಗಾರೆ ತುಂಬಿದಂತಾಗುತ್ತದೆ. ಬಚ್ಚಲಿನ ಶವರಿನಲ್ಲಿ ಗೀಸರಿನ ಬಿಸಿಯೂ ಸೇರುವುದರಿಂದ ಅಲ್ಲಿ ಇನ್ನೂ ಬೇಗ. ಹಳೆಯ ಕಾಲದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತಿದ್ದದ್ದನ್ನು ಕಂಡವರಿಗೆ ಇದು ಹೊಸತಲ್ಲ; ಹಂಡೆಗೆ ಮರೆ ಇರಲಿಲ್ಲ, ಅಷ್ಟೆ.

ಕಾರ್ಕಳದ ಮನೆ ಒಂದು ಪಾದೆಯ ಮೇಲಿದೆ. ಊರಿನ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ್ದೂ ಅಂಥದೇ ಒಂದು ಬಂಡೆಯ ಮೇಲೆ. ಬಾವಿಯ ನೀರು ಏಪ್ರಿಲ್‌ನಲ್ಲಿ ತಳ ಕಾಣುತ್ತದೆ, ಆಮೇಲೆ ಮಳೆ ಬರುವವರೆಗೆ ಕೊಳವೆಬಾವಿಯೇ ಗತಿ. ಮೂರ್ನಾಲ್ಕು ಬೇಸಿಗೆ ಹೀಗೆ ಕಳೆದ ಮೇಲೆ ಅಡುಗೆಮನೆಯ ನಳ್ಳಿ ದಾರದಂತೆ ಸುರಿಯತೊಡಗಿತು. ಶವರಿನ ಅರ್ಧ ತೂತುಗಳು ಮುಚ್ಚಿ, ಉಳಿದವು ಗೋಡೆಗೆ ಚಿಮ್ಮತೊಡಗಿದವು. ಕಾರ್ಕಳದಲ್ಲಿ ಸುಣ್ಣದ ಕಲ್ಲೆಲ್ಲಿದೆ ಎಂದು ಮನೆಯ ಯಜಮಾನರ ಪ್ರಶ್ನೆ. ಪ್ರಶ್ನೆ ಸರಿಯೇ, ಅಲ್ಲಿರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಆದರೆ ಆ ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲೂ ಸ್ವಲ್ಪ ಕ್ಯಾಲ್ಸಿಯಂ ಇದೆ. ಮೇಲಿನ ಬಾವಿಗೆ ಇಳಿದ ಮಳೆನೀರಿಗೆ ಅದನ್ನು ಕರಗಿಸಿಕೊಳ್ಳುವಷ್ಟು ಬಿಡುವಿಲ್ಲ. ನೂರಾರು ಅಡಿ ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಬೇಕಾದಷ್ಟು ಬಿಡುವಿದೆ. ಒಂದೇ ಹಿತ್ತಿಲಿನ ಬಾವಿಯ ನೀರು ಮೆದು, ಇಪ್ಪತ್ತು ಹೆಜ್ಜೆ ಆಚೆಯ ಕೊಳವೆಬಾವಿಯದು ಗಡಸು, ಎನ್ನುವುದು ಹೀಗೆ.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎರಡು ಒಂದೇ ಅಳತೆಯ ಬಾಟಲಿಗಳಲ್ಲಿ ಎರಡು ಬಗೆಯ ನೀರನ್ನು ಅರ್ಧಕ್ಕೆ ತುಂಬಿಸಿ, ಎರಡಕ್ಕೂ ಬಟ್ಟೆ ಸೋಪಿನ ಸಣ್ಣ ಚೂರೊಂದನ್ನು ಸಮನಾಗಿ ಹಾಕಿ ಕುಲುಕಬೇಕು. ಡಿಟರ್ಜೆಂಟ್ ಪುಡಿ ಆಗದು, ಅದು ಗಡಸು ನೀರಿನಲ್ಲೂ ನೊರೆ ಬರಿಸಿ ಮೋಸ ಮಾಡುತ್ತದೆ. ಕಾರ್ಕಳದಲ್ಲಿ ಮನೆಯಾಕೆ ನೆರೆಮನೆಯ ಬಾವಿಯ ನೀರು ತಂದು ಹೋಲಿಸಿದರು. ಬಾವಿಯ ಬಾಟಲಿ ಕತ್ತಿನವರೆಗೆ ನೊರೆ ತುಂಬಿಕೊಂಡಿತು, ಕೊಳವೆಬಾವಿಯದು ಮೊಸರು ಒಡೆದಂತೆ ಬಿಳಿ ಚೂರುಗಳಾಗಿ ಸುಮ್ಮನಾಯಿತು. "ಇದಕ್ಕೇ ನಮ್ಮ ಬೇಳೆ ಬೇಯದ್ದು," ಎಂದರು ಆಕೆ. ತೊಗರಿಬೇಳೆ ಎರಡು ಸೀಟಿ ಹೆಚ್ಚು ಕೇಳುತ್ತಿದ್ದದ್ದು ಕುಕ್ಕರಿನ ತಪ್ಪಲ್ಲವೆಂದು ಆವತ್ತು ಗೊತ್ತಾಯಿತು. ಭಾರತೀಯ ಮಾನಕ ಸಂಸ್ಥೆಯ ಮಾಪಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. 200ಕ್ಕಿಂತ ಕೆಳಗಿನ ನೀರೂ ಕಾಲಕ್ರಮದಲ್ಲಿ ಜಾಲರಿಗೆ ಪೊರೆ ಕಟ್ಟಬಲ್ಲುದು. ನಾಲಿಗೆಗೆ ಬೇರೆ, ನಳ್ಳಿಗೆ ಬೇರೆ ಲೆಕ್ಕ.

ಯಜಮಾನರು ಮೊದಲು ಶವರಿಗೆ ಕೈ ಹಾಕಿದರು. ಹಳೆಯ ಪೈಪ್ ರೆಂಚ್ ಹಚ್ಚಿ ಬಲವಾಗಿ ಎಳೆದರು. ಏನೋ ತಿರುಗಿತು. ತಿರುಗಿದ್ದು ಶವರಿನ ತಲೆಯಲ್ಲ, ಗೋಡೆಯಿಂದ ಹೊರಬಂದ ಅದರ ತೋಳು. ಆ ತೋಳು ಟೈಲ್ಸಿನ ಹಿಂದೆ ಒಂದು ಎಲ್ಬೋದಲ್ಲಿ ಕೂತಿರುತ್ತದೆ. ಸುಣ್ಣ ಹಿಡಿದ ಮರೆಗಿಂತ ಗೋಡೆಯೊಳಗಿನ ಜೋಡಣೆ ದುರ್ಬಲ, ಆದ್ದರಿಂದ ಸೋತದ್ದು ಅದೇ. ಶವರಿನ ತಿರುಪು ಮುಚ್ಚಿದ್ದಾಗ ಅಲ್ಲಿ ನೀರಿಲ್ಲವಾದ ಕಾರಣ ಮೊದಲ ದಿನ ಏನೂ ಗೊತ್ತಾಗಲಿಲ್ಲ. ನಾಲ್ಕು ಸ್ನಾನವಾದ ಮೇಲೆ ಹಿಂದಿನ ಕೋಣೆಯ ಗೋಡೆಯಲ್ಲಿ ಊಟದ ತಟ್ಟೆಯಷ್ಟು ಅಗಲ ತೇವ ಕಾಣಿಸಿತು. ಪ್ಲಂಬರ್ ಬಂದು ಎರಡು ಟೈಲ್ಸ್ ಒಡೆದ. "ಬಲ ಮಾಡ್ಲಿಕ್ಕಿತ್ತು, ಆದ್ರೆ ತೋಳು ಹಿಡ್ಕೊಂಡು ಮಾಡ್ಲಿಕ್ಕಿತ್ತು ಮಾರಾಯ್ರೆ," ಎಂದು ಅವನ ತೀರ್ಪು. ಶವರಿನ ಕೆಲಸಕ್ಕೆ ಎರಡು ಸ್ಪ್ಯಾನರ್ ಬೇಕು: ಒಂದು ತೋಳಿನ ತುದಿಯನ್ನು ಅಲುಗಾಡದಂತೆ ಹಿಡಿಯಲು, ಇನ್ನೊಂದು ತಲೆಯನ್ನು ತಿರುಗಿಸಲು. ಒಡೆದ ಟೈಲ್ಸಿನ ಜೋಡಿ ಈಗ ಎಲ್ಲೂ ಸಿಗುವುದಿಲ್ಲ. ಆ ಗೋಡೆಯಲ್ಲಿ ಎರಡು ಬೇರೆ ಹೂವು ಕೂತಿವೆ.

ಇಷ್ಟಾದ ಮೇಲೆ ಅಡುಗೆಮನೆಯ ನಳ್ಳಿಗೆ ಕೈ ಹಚ್ಚಲು ಭಯ. ಭಯ ಬೇಕಾದದ್ದೇ. ಅಲ್ಲಿ ನಳ್ಳಿಯ ಬುಡ ಗೋಡೆಯಲ್ಲಿ ಸಡಿಲವಾದರೆ ತಿರುಪು ಮುಚ್ಚಿ ಪ್ರಯೋಜನವಿಲ್ಲ, ಏಕೆಂದರೆ ಸೋರುವ ಜಾಗ ತಿರುಪಿಗಿಂತ ಹಿಂದೆ. ಮೇಲಿನ ಟಾಂಕಿಯ ನೀರೆಲ್ಲ ಇಳಿದುಹೋಗುತ್ತದೆ, ಅದೂ ಬಾವಿ ಬತ್ತಿದ ತಿಂಗಳಲ್ಲಿ. ಆದ್ದರಿಂದ ಈ ಸಲ ಮೊದಲು ಸುಣ್ಣ, ಆಮೇಲೆ ಬಲ, ಎಂದು ತೀರ್ಮಾನವಾಯಿತು.

ಅಂಟಿದ್ದು ಸುಣ್ಣವೇ ಹೌದೋ ಎಂದು ನೋಡಲು ಒಂದು ಹನಿ ವಿನೆಗರ್ ಸಾಕು. ಸುಣ್ಣವಾದರೆ ಸಣ್ಣ ಗುಳ್ಳೆಗಳೆದ್ದು ಬುಸುಗುಟ್ಟುತ್ತದೆ. ಸಂಶಯವಿದ್ದವರು ಸಮುದ್ರದ ಕಡೆಯಿಂದ ತಂದ ಚಿಪ್ಪೊಂದರ ಮೇಲೂ ಒಂದು ಹನಿ ಬಿಟ್ಟು ಹೋಲಿಸಬಹುದು. ಹಿಂದೆ ಕರಾವಳಿಯಲ್ಲಿ ಗೂಡಿಗೆ ಹಾಕಿ ಸುಟ್ಟು ಮನೆಗೆ ಬಳಿಯುತ್ತಿದ್ದ ಸುಣ್ಣ ಇದೇ ಚಿಪ್ಪಿನದು. ಚಿಪ್ಪೂ ನಳ್ಳಿಯ ಪೊರೆಯೂ ಒಂದೇ ಪದಾರ್ಥ. ಕಾರ್ಕಳದಲ್ಲಿ ಎರಡೂ ಸಮನಾಗಿ ಬುಸುಗುಟ್ಟಿದವು.

ಇನ್ನು ಹುಳಿಯ ಆಯ್ಕೆ. ಕರಾವಳಿಯ ಅಡುಗೆಮನೆಯಲ್ಲಿ ಹುಳಿಗೆ ಬರವಿಲ್ಲ, ಆದರೆ ಹುಳಿಗಳೆಲ್ಲ ಒಂದೇ ಅಲ್ಲ. ಹುಣಸೆಯಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಹಿತ್ತಾಳೆ ಚೆಂಬು ಬೆಳಗಲು ಅದು ಹೇಳಿ ಮಾಡಿಸಿದ್ದು. ಸುಣ್ಣದ ಜೊತೆ ಸೇರಿದರೆ ಮಾತ್ರ ನೀರಿನಲ್ಲಿ ಸುಲಭವಾಗಿ ಕರಗದ ಇನ್ನೊಂದು ಬಿಳಿ ಪುಡಿಯಾಗಿ ಅಲ್ಲೇ ಕೂರುತ್ತದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ. ಅದೂ ಸುಣ್ಣದೊಂದಿಗೆ ಕರಗದ ಪೊರೆ ಕಟ್ಟಿ, ಒಳಗಿನ ಸುಣ್ಣಕ್ಕೆ ಅಂಗಿ ತೊಡಿಸಿದಂತೆ ಮಾಡುತ್ತದೆ. ವಿನೆಗರಿನ ಅಸಿಟಿಕ್ ಆಮ್ಲ ಹಾಗಲ್ಲ, ಅದು ಸುಣ್ಣದಿಂದ ಮಾಡುವ ಲವಣ ನೀರಿನಲ್ಲಿ ಸಲೀಸಾಗಿ ಕರಗಿ ಹರಿದುಹೋಗುತ್ತದೆ. ಗೋಬಿ ಮಂಚೂರಿಗೆಂದು ತಂದಿಟ್ಟ ಬಿಳಿ ವಿನೆಗರೇ ಇಲ್ಲಿ ಉತ್ತಮ. ಬಾಟಲಿಯ ಮೇಲೆ ಶೇಕಡಾ 4 ಎಂದು ಬರೆದಿದ್ದರೆ 100 ಮಿಲಿಲೀಟರಿನಲ್ಲಿ 4 ಗ್ರಾಂ ಆಮ್ಲ, ಅದು ಸುಮಾರು 3 ಗ್ರಾಂ ಸುಣ್ಣವನ್ನು ಕರಗಿಸೀತು. ಒಂದು ಏರೇಟರಿನಲ್ಲಿ ಕೂತಿರುವುದು ಹೆಚ್ಚೆಂದರೆ ಒಂದೆರಡು ಗ್ರಾಂ. ಹಾಗಾಗಿ ಬಕೆಟ್ ತುಂಬ ಬೇಕಿಲ್ಲ. ನಿಂಬೆ ಉಪ್ಪೂ ಆದೀತು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ. ಬೇಗ ಆಗಲೆಂದು ದಪ್ಪಗೆ ಕಲಸಿ ಕುದಿಸಿದರೆ ಅದೂ ಬಿಳಿ ಪುಡಿಯಾಗಿ ತಿರುಗಿಬೀಳುತ್ತದೆ.

ಕಕ್ಕಸು ತೊಳೆಯುವ ಆಸಿಡ್ ಮಾತ್ರ ಇಲ್ಲಿಗೆ ತರಬಾರದು. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ, ಜೊತೆಗೆ ನಳ್ಳಿಯ ಹೊಳಪಿನ ಕ್ರೋಮಿಯಂ ಲೇಪವನ್ನೂ. ಅದು ಬ್ಲೀಚಿಂಗ್ ಪುಡಿಗೆ ತಗಲಿದರೆ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ಹಾಲಿನ ಖಾಲಿ ತೊಟ್ಟೆಯೊಂದನ್ನು ತೊಳೆದು, ಅದಕ್ಕೆ ಅರ್ಧ ಲೋಟದಷ್ಟು ವಿನೆಗರ್ ಹೊಯ್ದು, ನಳ್ಳಿಯ ಮೂತಿ ಉಂಗುರದ ಮೇಲಿನವರೆಗೆ ಮುಳುಗುವಂತೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಉಂಗುರದ ಮೇಲಂಚು ಮುಳುಗದಿದ್ದರೆ ಜಾಲರಿ ಶುದ್ಧವಾದೀತು, ಮರೆ ಬಿಡದು. ಅರ್ಧ ಗಂಟೆಗೊಮ್ಮೆ ತೊಟ್ಟೆಯನ್ನು ಸ್ವಲ್ಪ ಹಿಸುಕಿ, ಉಂಗುರಕ್ಕೆ ಮರದ ಸೌಟಿನ ಹಿಡಿಯಿಂದ ಮೆಲ್ಲನೆ ತಟ್ಟಿದರು. ಏಕೆಂದರೆ ಸಂದಿನಲ್ಲಿ ಹುಟ್ಟಿದ ಗುಳ್ಳೆ ಅಲ್ಲೇ ನಿಂತು ಹೊಸ ಆಮ್ಲವನ್ನು ಒಳಗೆ ಬಿಡುವುದಿಲ್ಲ. ತಟ್ಟಿದರೆ ಗುಳ್ಳೆ ಮೇಲೇಳುತ್ತದೆ. ಒಂದೂವರೆ ಗಂಟೆಯ ಮೇಲೆ ಬುಸುಗುಟ್ಟುವುದು ನಿಂತಿತು, ಆದರೆ ಬಿಳಿ ಇನ್ನೂ ಕಾಣುತ್ತಿತ್ತು. ಅಂದರೆ ಆಮ್ಲ ತೀರಿದೆ, ಸುಣ್ಣ ತೀರಿಲ್ಲ. ವಿನೆಗರ್ ಬದಲಿಸಿ ಮತ್ತೆ ಒಂದೂವರೆ ಗಂಟೆ ಇಟ್ಟರು. ರಾತ್ರಿಯಿಡೀ ಬಿಡುವ ಅಭ್ಯಾಸ ಒಳ್ಳೆಯದಲ್ಲ. ಲೇಪದಲ್ಲಿ ಎಲ್ಲಾದರೂ ಗೀರಿದ್ದರೆ ವಿನೆಗರ್ ಅದರಡಿಗೆ ನುಗ್ಗಿ ಹೊಳಪನ್ನು ಎಬ್ಬಿಸುತ್ತದೆ.

ಆಮೇಲೆ ತಿರುಗಿಸುವ ಕೆಲಸ. ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಉಂಗುರಕ್ಕೆ ಬಿಗಿಯಾಗಿ ಸುತ್ತಿ, ಒಂದು ಕೈಯಲ್ಲಿ ನಳ್ಳಿಯ ಮೂತಿಯನ್ನು ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಗಿಸಬೇಕು. ಮೂತಿಯನ್ನು ಹಿಡಿಯದಿದ್ದರೆ ಅದೇ ತಿರುಗಿ, ಎಲ್ಲಿಯೋ ತಡೆದು, ಆ ಬಲವೆಲ್ಲ ಗೋಡೆಯ ಬುಡಕ್ಕೆ ಹೋಗುತ್ತದೆ. ಯಜಮಾನರು ಹಿಡಿದೂ ತಿರುಗಿಸಿದರು, ಕದಲಲಿಲ್ಲ. ಬೆವರು ಬಂತು. ನೋಡುತ್ತಿದ್ದ ಮನೆಯಾಕೆ ಎಣ್ಣೆಯ ಬಾಟಲಿಯೊಂದನ್ನು ತಲೆಕೆಳಗಾಗಿ ಹಿಡಿದು, "ಈಗ ಇದರ ಮುಚ್ಚಳ ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ, ನೀವೇ ಹೇಳಿ," ಎಂದರು. ಮೇಲಿನಿಂದ ನೋಡುವವನಿಗೆ ಅದು ಗಡಿಯಾರದ ಮುಳ್ಳು ಹೋಗುವ ಕಡೆಗೆ. ಮೇಲೆ ನಿಂತು ಬಗ್ಗಿ ನೋಡುವವರು ರೂಢಿಯಂತೆ ಎಡಕ್ಕೆ ತಿರುಗಿಸಿದಷ್ಟೂ ಉಂಗುರ ಇನ್ನೂ ಬಿಗಿಯಾಗುತ್ತದೆ. ಅಂಟಿಕೊಂಡಿದೆ ಎಂದು ದೂರುವ ಎಷ್ಟೋ ಏರೇಟರುಗಳು ಹೀಗೆ ಬಿಗಿಸಿಕೊಂಡವೇ ಇರಬೇಕು.

ದಿಕ್ಕು ಸರಿಯಾದ ಮೇಲೂ ಒಮ್ಮೆಗೇ ಬರಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಉಂಗುರಕ್ಕೆ ಎರಡು ನಿಮಿಷ ಸುತ್ತಿದರು. ಹೊರಗಿನ ಉಂಗುರ ಒಳಗಿನ ಮೂತಿಗಿಂತ ಮೊದಲು ಬಿಸಿಯಾಗಿ ಒಂದು ಕೂದಲಿನಷ್ಟು ಹಿಗ್ಗುತ್ತದೆ. ಹಿಗ್ಗಲಾರದ ಸುಣ್ಣ ಬಿರುಕು ಬಿಡುತ್ತದೆ. ಮತ್ತೆ ಪಟ್ಟಿ ಸುತ್ತಿ, ಮೊದಲು ಬಿಗಿಯುವ ಕಡೆಗೆ ಚೂರು, ಆಮೇಲೆ ಬಿಚ್ಚುವ ಕಡೆಗೆ ಚೂರು, ಹೀಗೆ ಆಡಿಸಿದಾಗ ಕರಕರ ಸದ್ದಾಯಿತು. ಆ ಸದ್ದು ಶುಭ. ಸದ್ದಿಲ್ಲದೆ ಮೆತ್ತಗೆ ತಿರುಗಿದರೆ ಮಾತ್ರ ಕೈ ನಿಲ್ಲಿಸಿ, ತಿರುಗುತ್ತಿರುವುದು ಯಾವುದು ಎಂದು ನೋಡಬೇಕು.

ಬಿಚ್ಚುವ ಮೊದಲು ಸಿಂಕಿನ ತೂತಿಗೆ ಬಟ್ಟೆ ತುರುಕಿದ್ದರು, ವಾಷರ್ ಹಾರಿಹೋಗಬಾರದಲ್ಲ. ಬಿಡಿಭಾಗಗಳನ್ನು ಬಂದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮತ್ತೆ ಅರ್ಧ ಗಂಟೆ ಗಾಜಿನ ಲೋಟದಲ್ಲಿ ವಿನೆಗರಿಗೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಧಾರೆ ಸೊಟ್ಟ ಬೀಳುತ್ತದೆ. ಜಾಲರಿ ಇಲ್ಲದ ನಳ್ಳಿಯನ್ನು ಅರ್ಧ ನಿಮಿಷ ಪೂರ್ತಿ ಬಿಟ್ಟಾಗ ಒಳಗಿನಿಂದ ಅಕ್ಕಿ ನುಚ್ಚಿನಂಥ ಸುಣ್ಣದ ಚೂರುಗಳು ಬಂದವು. ಅವನ್ನು ಹೊರಹಾಕದೆ ಜಾಲರಿ ಕೂರಿಸಿದ್ದರೆ ಸಂಜೆಯೊಳಗೆ ಮತ್ತೆ ಕಟ್ಟುತ್ತಿತ್ತು.

ಈ ವಿಜಯದ ಸುದ್ದಿ ಅದೇ ರಾತ್ರಿ ಫೋನಿನಲ್ಲಿ ಮಣಿಪಾಲಕ್ಕೂ ಕಾಪುವಿಗೂ ಹೋಯಿತು. ಎರಡೂ ಕಡೆ ನಳ್ಳಿ ಕಟ್ಟಿತ್ತು. ಎರಡೂ ಕಡೆ ವಿನೆಗರ್ ತೊಟ್ಟೆ ಏರಿತು. ಎರಡೂ ಕಡೆ ಕೆಲಸವಾಗಲಿಲ್ಲ.

ಮಣಿಪಾಲದ ಹೆಸರಿನಲ್ಲೇ ಮಣ್ಣೂ ಪಳ್ಳವೂ ಇವೆ, ಮುರಕಲ್ಲಿನ ಗುಡ್ಡದ ಮೇಲಿನ ಕೆರೆಯಿಂದ ಬಂದ ಹೆಸರದು. ಮಗಳ ಫ್ಲ್ಯಾಟಿಗೆ ಹೆಚ್ಚಿನ ದಿನ ಬರುವುದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನ ನೀರು. ನದಿಯ ನೀರು ಮೆದು, ಅದರಿಂದ ಜಾಲರಿ ಹೀಗೆ ಕಟ್ಟುವ ಭಯವಿಲ್ಲ. ಆದರೆ ಕಡುಬೇಸಿಗೆಯಲ್ಲಿ ಬಜೆಯೂ ಸೊರಗುತ್ತದೆ. 2019ರ ಮೇ ತಿಂಗಳಲ್ಲಿ ಉಡುಪಿ ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದಿತ್ತು. ಅಂಥ ದಿನಗಳಲ್ಲಿ ಫ್ಲ್ಯಾಟುಗಳ ತೊಟ್ಟಿ ತುಂಬುವುದು ಟ್ಯಾಂಕರಿನಿಂದ ಅಥವಾ ಕಟ್ಟಡದ ಕೊಳವೆಬಾವಿಯಿಂದ. ಮಗಳ ನಳ್ಳಿಯ ಜಾಲರಿಯಲ್ಲಿ ಕೂತದ್ದು ಬಿಳಿಯಲ್ಲ, ಕಂದು. ವಿನೆಗರ್ ಬಿದ್ದರೆ ಗುಳ್ಳೆಯೇಳಲಿಲ್ಲ. ಅದು ಕಬ್ಬಿಣ. ಆಳದ ನೀರಿನಲ್ಲಿ ಬಣ್ಣವಿಲ್ಲದೆ ಕರಗಿರುವ ಕಬ್ಬಿಣ, ಏರೇಟರಿನಲ್ಲಿ ಗಾಳಿ ತಗಲಿದೊಡನೆ ತುಕ್ಕಾಗಿ ಕೂರುತ್ತದೆ. ಕಡಾಯಿಯಲ್ಲಿ ಬಿಟ್ಟ ನೀರು ಮರುದಿನ ಕೆಂಪಗಾಗಿ, ಮೇಲೆ ಎಣ್ಣೆಯಂಥ ತೆಳು ಪೊರೆ ಕಾಣುವುದು ಇಂಥ ನೀರಿನ ಗುರುತು.

ಕಬ್ಬಿಣದ ಕೊಳೆ ಸುಣ್ಣದಂತೆ ಮರೆಯನ್ನು ಕಚ್ಚಿ ಹಿಡಿಯುವುದು ಕಡಿಮೆ, ಅದು ಬಹುಮಟ್ಟಿಗೆ ಕೆಸರು. ಮಗಳ ಏರೇಟರ್ ಬರದಿದ್ದದ್ದು ದಿಕ್ಕು ತಪ್ಪಿ ತಿರುಗಿಸಿದ್ದರಿಂದಲೇ. ಅಮ್ಮನ ಬಾಟಲಿಯ ಪಾಠ ಕೇಳಿದ ಮೇಲೆ ರಬ್ಬರಿನ ಕೈಗವಸಿನಲ್ಲೇ ಬಿಚ್ಚಿ ಬಂತು. ಬಿಡಿಭಾಗಗಳನ್ನು ಬೆಚ್ಚಗಿನ ನೀರಿನ ನಿಂಬೆ ಉಪ್ಪಿಗೆ ಹಾಕಿದಾಗ ಒಂದು ಗಂಟೆಯಲ್ಲಿ ನೀರು ಹಳದಿಯಾಗಿ ಜಾಲರಿ ಬೆಳ್ಳಗಾಯಿತು. ಸಿಟ್ರಿಕ್ ಆಮ್ಲ ಕಬ್ಬಿಣವನ್ನು ತಬ್ಬಿ ನೀರಿಗೆಳೆಯುತ್ತದೆ, ಅಸಿಟಿಕ್ ಆಮ್ಲಕ್ಕೆ ಆ ಶಕ್ತಿ ಸಾಲದು. ಸುಣ್ಣಕ್ಕೆ ಬೇಡವೆಂದ ಬಿಂಬುಳಿಗೂ ಇಲ್ಲಿ ಕೆಲಸವಿದೆ. ಬಟ್ಟೆಗೆ ಹತ್ತಿದ ತುಕ್ಕಿನ ಕಲೆಗೆ ಅಜ್ಜಿಯಂದಿರು ಬಿಂಬುಳಿ ತಿಕ್ಕುತ್ತಿದ್ದದ್ದು ಬರಿಯ ನಂಬಿಕೆಯಲ್ಲ, ಅದರ ಆಕ್ಸಾಲಿಕ್ ಆಮ್ಲಕ್ಕೂ ಕಬ್ಬಿಣದ ಮೇಲೆ ಅದೇ ಹಿಡಿತ.

ಕಾಪುವಿನ ಮನೆಯ ಕಥೆ ಬೇರೆ. 1901ರ ದೀಪಸ್ತಂಭ ನಿಂತಿರುವ ಆ ಕಡಲತೀರದಲ್ಲಿ, ಬೇಸಿಗೆಯ ಕೊನೆಗೆ ಕೆಲವು ಬಾವಿಗಳ ನೀರು ಸಪ್ಪೆ ಬಿಟ್ಟು ಉಪ್ಪಾಗುತ್ತದೆ. ಮೇಲಿನಿಂದ ಸಿಹಿನೀರಿನ ಒತ್ತಡ ತಗ್ಗಿದಾಗ ಕೆಳಗಿನಿಂದ ಸಮುದ್ರ ಒಳಗೆ ಸರಿಯುವುದು ಇದಕ್ಕೆ ಕಾರಣ. ಮನೆಯಾಕೆಯ ತಮ್ಮನ ನಳ್ಳಿಯಲ್ಲಿ ಬಿಳಿ ಹಿಡಿದದ್ದು ಹೌದು, ಆದರೆ ಆ ಬಿಳಿ ಉಬ್ಬಿದ ಹಿಟ್ಟಿನಂತಿತ್ತು. ಹನಿ ವಿನೆಗರ್ ಬಿಟ್ಟರೆ ಚಿಪ್ಪಿನಂತೆ ಬುಸುಗುಟ್ಟದೆ ಸುಮ್ಮನೆ ನಾಲ್ಕು ಗುಳ್ಳೆ ಬಂದು ನಿಂತಿತು. ಅವರು ಅದನ್ನು ಗಮನಿಸದೆ ರಾತ್ರಿಯಿಡೀ ನೆನೆಸಿದರು. ಬೆಳಿಗ್ಗೆ ಉಂಗುರದ ಹೊಳಪು ಮೀನಿನ ಚಕ್ಕೆಯಂತೆ ಎದ್ದಿತ್ತು, ಉಂಗುರ ಮಾತ್ರ ಕದಲಿರಲಿಲ್ಲ. "ಭಾವ, ನಿಮ್ಮ ಮದ್ದು ನಮ್ಮೂರಿಗೆ ನಾಟುವುದಿಲ್ಲ," ಎಂದು ಫೋನ್ ಬಂತು.

ಲೇಪ ಎದ್ದ ಜಾಗವನ್ನು ಚಾಕುವಿನಿಂದ ಕೆರೆದು ನೋಡಿದರೆ ವಿಷಯ ತಿಳಿಯುತ್ತದೆ. ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳಿ ಕಂಡರೆ ಸತುವಿನ ಮಿಶ್ರಲೋಹ. ಅಗ್ಗದ ಏರೇಟರಿನ ಉಂಗುರ ಸತುವಿನದು, ನಳ್ಳಿಯ ಮೂತಿ ಹಿತ್ತಾಳೆಯದು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿ, ಮತ್ತು ಆ ಬ್ಯಾಟರಿಯಲ್ಲಿ ಸವೆಯುವುದು ಯಾವಾಗಲೂ ಸತು. ಸವೆದ ಸತುವಿನ ಬಿಳಿ ಪುಡಿ ತನ್ನ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮರೆಯೊಳಗೆ ಉಬ್ಬಿ ಬೆಣೆ ಹೊಡೆದಂತೆ ಕೂರುತ್ತದೆ. ಇಲ್ಲಿ ವಿನೆಗರ್ ರೋಗಕ್ಕಿಂತ ಮೊದಲು ರೋಗಿಯನ್ನೇ ತಿನ್ನುತ್ತದೆ.

ಇಂಥ ಉಂಗುರವನ್ನು ಉಳಿಸುವ ಆಸೆ ಬಿಟ್ಟು ಮೂತಿಯನ್ನು ಉಳಿಸಿಕೊಳ್ಳುವುದು ಬುದ್ಧಿವಂತಿಕೆ. ಕಾಪುವಿನಲ್ಲಿ ಉಂಗುರ ಮೂತಿಯ ಹೊರಗಿನಿಂದ ಕೂರುವ ಬಗೆಯದು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು, ಉಂಗುರದ ಮೇಲಿನಿಂದ ಕೆಳಗೆ ನೇರವಾಗಿ ಒಂದೇ ಗೀರನ್ನು ನಿಧಾನವಾಗಿ ಕೊಯ್ದರು. ಬೀಳುವ ಪುಡಿ ಬೂದು ಬಣ್ಣದ್ದು. ಅದರಲ್ಲಿ ಮೊದಲ ಹಳದಿ ಮಿಂಚಿದ ಕ್ಷಣ ನಿಲ್ಲಿಸಬೇಕು, ಅಲ್ಲಿಂದ ಮುಂದೆ ನಳ್ಳಿಯ ಮರೆ. ಆ ಗೀರಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಚಿದಾಗ ಉಂಗುರ ಕಡಲೆಕಾಯಿ ಸಿಪ್ಪೆಯಂತೆ ಬಾಯಿ ಬಿಟ್ಟಿತು. ಮೂತಿಯ ಒಳಗೆ ಕೂರುವ ಬಗೆಯದಾದರೆ ಒಳಗಿನಿಂದ ಎರಡು ಕಡೆ ಕೊಯ್ಯಬೇಕಾಗುತ್ತದೆ. ಅದು ತಾಳ್ಮೆಯ ಕೆಲಸ, ಕೈ ನಡುಗುವವರು ಪ್ಲಂಬರನಿಗೆ ಬಿಡುವುದು ವಾಸಿ.

ಹೊಸ ಏರೇಟರ್ ತರಲು ಉಡುಪಿಗೆ ಹೋದವರು ಹಳೆಯ ತುಂಡನ್ನು ಜೇಬಿನಲ್ಲಿ ಹಾಕಿಕೊಂಡೇ ಹೋದರು. 22 ಮತ್ತು 24 ಮಿಲಿಮೀಟರ್ ಎಂಬ ಎರಡು ಅಳತೆಗಳು ಸಾಮಾನ್ಯ, ಕಣ್ಣಿಗೆ ಎರಡೂ ಒಂದೇ. ಕೇಳಬೇಕಾದದ್ದು ಹಿತ್ತಾಳೆಯ ಉಂಗುರ ಅಥವಾ ಪೂರ್ತಿ ಪ್ಲಾಸ್ಟಿಕ್ಕಿನದು. ಉಪ್ಪುನೀರಿನ ಊರಿಗೆ ಪ್ಲಾಸ್ಟಿಕ್ಕೇ ಲೇಸು, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಅಂಗಡಿಯವರು ರೂಢಿಯಂತೆ ಟೆಫ್ಲಾನ್ ಟೇಪ್ ಸುತ್ತಲು ಕೊಟ್ಟರು. ಏರೇಟರಿಗೆ ಅದು ಬೇಡ. ನೀರು ತಡೆಯುವುದು ಮರೆಯಲ್ಲ, ಒಳಗಿನ ರಬ್ಬರ್ ವಾಷರ್. ಟೇಪ್ ಸುತ್ತಿದರೆ ಮರೆ ಪೂರ್ತಿ ಕೂರದೆ ಸಂದಿನಲ್ಲಿ ಸೋರುತ್ತದೆ. ಶವರಿನ ತೋಳಿಗಾದರೆ ಟೇಪ್ ಬೇಕು. ಏರೇಟರಿನ ಮರೆಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಬರಿಗೈಯಲ್ಲಿ ತಡೆಯುವವರೆಗೆ ತಿರುಗಿಸಿದರೆ ಸಾಕು. ರೆಂಚ್ ಹಚ್ಚಿ ಬಿಗಿದವರು ಮುಂದಿನ ವರ್ಷ ರೆಂಚ್ ಹಚ್ಚಿಯೇ ಬಿಚ್ಚಬೇಕು.

ಕಾರ್ಕಳದ ಮನೆಯಲ್ಲಿ ಈಗ ಕೊಳವೆಬಾವಿಯ ನೀರು ಬಳಸುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಏರೇಟರನ್ನು ಬಿಚ್ಚಿ ಒಮ್ಮೆ ಬ್ರಶ್ ಆಡಿಸಿ ಹಾಕುತ್ತಾರೆ, ಹತ್ತು ನಿಮಿಷದ ಕೆಲಸ. ಮಳೆ ಹಿಡಿದು ಬಾವಿಯ ನೀರಿಗೆ ಮರಳಿದ ಮೊದಲ ವಾರದಲ್ಲಿ ಮಾತ್ರ ಎರಡು ಸಲ ಬಿಚ್ಚಬೇಕಾಯಿತು. ಮುರಕಲ್ಲಿನ ಬಾವಿಯ ನೀರು ತುಸು ಹುಳಿ ಸ್ವಭಾವದ್ದು, ಬೇಸಿಗೆಯಿಡೀ ಪೈಪಿನ ಒಳಗೆ ಕೂತ ಸುಣ್ಣವನ್ನು ಅದು ಮೆಲ್ಲಗೆ ಸಡಿಲಿಸುತ್ತದೆ. ಚಕ್ಕೆಗಳು ಎದ್ದು ಬಂದು ಜಾಲರಿಯಲ್ಲಿ ನಿಲ್ಲುತ್ತವೆ.